ಪ್ರಕಾಶ್‌ರವರಿಗೆ ಅಂತ ಕೊನೆಗೂ ಸರಿಯಾಗಿ ಪ್ರಿಂಟ್ ಆಯ್ತು (ನನ್ನ ಅನುಭವ)

ಮಂಗಳೂರಲ್ಲಿ ನಮ್ಮದೊಂದು ಸಣ್ಣ ಆಫೀಸು ಉಂಟು, ಸೊಸೈಟಿ, ದೇವಸ್ಥಾನ, ಯುವಕ ಮಂಡಲದವರಿಗೆಲ್ಲ ಹೆಸರು ಹಾಕಿದ ನೋಟೀಸು, ರಶೀದಿ ಜನರೇಟ್ ಮಾಡಿ ಕೊಡೋದು ಕೆಲ್ಸ. ಒಂದು ಸೊಸೈಟಿಯ ಮಹಾಸಭೆಗೆ ಸುಮಾರು 2500 ಪತ್ರ ಇತ್ತು, ಟೆಂಪ್ಲೇಟಲ್ಲಿ ಹೆಸರಿನ ಬೆನ್ನಿಗೆ "ರವರಿಗೆ" ಅಂಟಿಸೋದು ಅಷ್ಟೇ. ಪ್ರಿಂಟ್ ಆಗಿ ಬಂದ್ಮೇಲೆ ನೋಡಿದ್ರೆ "ಪ್ರಕಾಶ್ರವರಿಗೆ", ಶಕಾರಕ್ಕೆ ರ ಒತ್ತು ಬಂದು ಕೂತಿದೆ! ವ್ಯಂಜನದಲ್ಲಿ ಮುಗಿಯೋ ಹೆಸರು ಎಷ್ಟಿತ್ತೋ ಅಷ್ಟೂ ಕೆಟ್ಟಿತ್ತು. ರೀಪ್ರಿಂಟಿಗೆ ಕೈಯಿಂದ ಹತ್ರ ಹತ್ರ 9000 ಹೋಯ್ತು.

ಫೀಲ್ಡಲ್ಲಿ ನನಗಿಂತ ಹಳಬರು ಒಬ್ರು "ಸ್ಪೇಸ್ ಕೊಟ್ಟುಬಿಡಿ ಮಾರಾಯ್ರೆ, ಈ ಕಾಣದ ಕ್ಯಾರೆಕ್ಟರ್ ಸಹವಾಸ ಬೇಡ" ಅಂದ್ರು. ಸ್ಪೇಸ್ ಕೊಟ್ರೆ ಹೆಸರು ಒಂದು ಲೈನಲ್ಲಿ, "ರವರಿಗೆ" ಮುಂದಿನ ಲೈನಲ್ಲಿ ಹೋಗಿ ಬೀಳ್ತದೆ. ಆಮೇಲೆ ನಾನು U+200B ಹಾಕಿದೆ, ಸ್ಕ್ರೀನಲ್ಲಿ ಚಂದ ಕಂಡಿತು, ಆದ್ರೆ ಅದು ಅಗಲವಿಲ್ಲದ ಸ್ಪೇಸ್ ಅಷ್ಟೇ ಅಲ್ವಾ, ಲೈನ್ ಮುರಿಯೋದಕ್ಕೆ ಅದೂ ಜಾಗ ಕೊಡ್ತದೆ, ಅದೇ ಕತೆ. ಬೇಕಾದ್ದು U+200C, ನಾನ್ ಜಾಯಿನರ್. ಅದು ಒತ್ತಕ್ಷರ ಆಗೋದನ್ನು ಮಾತ್ರ ತಡೀತದೆ, ಲೈನ್ ಮುರಿಯೋದಿಲ್ಲ.

ಅದನ್ನಾದ್ರೂ ಮೊದ್ಲ ಸಲ ಎಲ್ಲಾ ವಿರಾಮದ, ಅಂದ್ರೆ ವ್ಯಂಜನದ ಸ್ವರ ತೆಗೆಯೋ ಚಿಹ್ನೆಯ, ಬೆನ್ನಿಗೂ ಹಾಕಿದೆ, ಆಗ "ಪ್ರಕಾಶ್" ಹೋಗಿ "ಪ್‌ರಕಾಶ್" ಆಯ್ತು. ಹೆಸರಿನೊಳಗಿನ ಒತ್ತಕ್ಷರ ಬೇಕಾದ್ದೇ, ಬೇಡದ್ದು ಎರಡು ಸ್ಟ್ರಿಂಗ್ ಕೂಡೋ ಜಾಗದಲ್ಲಿ ಹುಟ್ಟೋದು. ಹಾಗಾಗಿ ರಿಪ್ಲೇಸ್ ಬಿಟ್ಟು ಅಂಟಿಸೋ ಫಂಕ್ಷನ್ನಿನ ಒಳಗೇ ಇಟ್ಟೆ:

```python
V, ZWNJ = "\u0ccd", "\u200c"

def antisu(a, b):
    a = a.rstrip(" \u200c\u200d")
    if a.endswith(V) and "\u0c95" <= b[:1] <= "\u0cb9":
        return a + ZWNJ + b
    return a + b
```

ಎಡಗಡೆ ವಿರಾಮದಲ್ಲಿ ಮುಗಿದು ಬಲಗಡೆ ವ್ಯಂಜನದಿಂದ ಶುರು ಆದ್ರೆ ಮಾತ್ರ. "ಅವರಿಗೆ" ಅಂತ ಸ್ವರದಿಂದ ಶುರು ಆದ್ರೆ ಎಂತದೂ ಬೇಡ, ಅಲ್ಲಿ ಒತ್ತು ಆಗೋದೇ ಇಲ್ಲ. rstrip ಯಾಕೆ ಅಂದ್ರೆ ಹಳೇ ಡೇಟಾದಲ್ಲಿ ಕೆಲವು ಹೆಸರಿನ ಬಾಲಕ್ಕೆ ಮೊದಲೇ ಒಂದು 200C ಅಂಟಿಕೊಂಡಿತ್ತು, ಕಣ್ಣಿಗೆ ಕಾಣೋದಿಲ್ಲ, ಒಂದೇ ಹೆಸರು ಎರಡಾಗಿ ಲೆಕ್ಕ ಆಗ್ತಿತ್ತು.

ಇದು ಸರಿಯಾಯ್ತು ಅಂತ ಖುಷಿಯಲ್ಲಿದ್ದಾಗ ಪಿಡಿಎಫಲ್ಲಿ ಪುನಃ ಅದೇ ತಪ್ಪು. ಎರಡು ದಿನ ಫಾಂಟನ್ನು ಬೈದೆ, ಫಾಂಟಿನದ್ದು ಎಂತ ತಪ್ಪೂ ಇರ್ಲಿಲ್ಲ. ನಡುವೆ ಒಂದು ಕ್ಲೀನಿಂಗ್ ಸ್ಟೆಪ್ಪಲ್ಲಿ isprintable() ಅಲ್ಲದ ಕ್ಯಾರೆಕ್ಟರ್ ತೆಗೀತಿದ್ದೆ, ಪೈಥಾನ್ ಪ್ರಕಾರ 200C, ಜಾಯಿನರ್ ಆದ 200D ಎರಡೂ ಪ್ರಿಂಟೆಬಲ್ ಅಲ್ಲ, ಎರಡನ್ನೂ ಬಿಸಾಡ್ತಿತ್ತು. ಈಗ ಪ್ರತಿ ಸ್ಟೆಪ್ ಆದ್ಮೇಲೆ ascii(s) ಹಾಕಿ ನೋಡ್ತೇನೆ, ಅದ್ರಲ್ಲಿ \u200c ಇದ್ದರೆ ಎದುರಿಗೇ ಕಾಣ್ತದೆ.

ಜಾಯಿನರ್ 200D ಹಾಕಿದ್ರೆ ಎಂತ ಆಗ್ತದೆ ಅಂತಲೂ ನೋಡಿದೆ. "ಕುಮಾರ್" ಮತ್ತು "ಗೆ" ನಡುವೆ ಎಂತದೂ ಹಾಕದಿದ್ರೆ ಅರ್ಕಾವತ್ತು ಬಂದು "ಕುಮಾರ್ಗೆ", 200C ಹಾಕಿದ್ರೆ ಬೇಕಾದ "ಕುಮಾರ್‌ಗೆ", 200D ಹಾಕಿದ್ರೆ ರಕಾರ ಪೂರ್ತಿ ನಿಂತು ಅದ್ರ ಕೆಳಗೆ ಗ ಒತ್ತು ಬರ್ತದೆ. ಪ್ರಿಂಟಲ್ಲಿ ರಕಾರದ ಕೆಳಗೆ ಅನಾವಶ್ಯಕ ಒತ್ತು ಕಂಡ್ರೆ ಯಾರೋ 200C ಬದಲು 200D ಹಾಕಿದ್ದಾರೆ ಅಂತಲೇ ಲೆಕ್ಕ.

ಆದ್ರೆ ಅದೇ ಗುಣ ಬೇಕಾಗೋ ಜಾಗವೂ ಉಂಟು. ಸೊಸೈಟಿಯವರೇ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವಾಗ ಸರ್ಟಿಫಿಕೇಟಲ್ಲಿ "ರ‍್ಯಾಂಕ್" ಬೇಕಿತ್ತು, ಸುಮ್ಮನೆ ರ, ವಿರಾಮ, ಯ ಕೊಟ್ರೆ "ರ್ಯಾಂಕ್", ಅಂದ್ರೆ ಯಕಾರದ ಪಕ್ಕ ಅರ್ಕಾವತ್ತು. ಯುನಿಕೋಡ್ ಹೇಳೋ ಕ್ರಮದಲ್ಲಿ ಜಾಯಿನರ್ ವಿರಾಮಕ್ಕಿಂತ ಮೊದಲು ಬರ್ಬೇಕು:

```
0CB0 200D 0CCD 0CAF
```

ಹಳೇ ಫೈಲುಗಳಲ್ಲಿ ವಿರಾಮ ಆದ್ಮೇಲೆ 200D ಇರ್ತದೆ. ಹಾರ್ಫ್‌ಬಜ್ ಅಂತ ಅಕ್ಷರದ ಆಕಾರ ಜೋಡಿಸೋ ಲೈಬ್ರರಿ ಆ ಹಳೇ ಕ್ರಮವನ್ನೂ ಅದೇ ತರ ತೋರಿಸ್ತದೆ, ಹಾಗಾಗಿ ಪ್ರಿಂಟಲ್ಲಿ ವ್ಯತ್ಯಾಸ ಗೊತ್ತಾಗೋದಿಲ್ಲ, ಹುಡುಕುವಾಗ ಮಾತ್ರ ಅರ್ಧ ದಾಖಲೆ ಸಿಗೋದಿಲ್ಲ. ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದ್ರೂ ಇವೆರಡು ಒಂದಾಗೋದಿಲ್ಲ, ನಾನು ಮಾಡಿ ನೋಡಿದ್ದೇನೆ. ಹಾಗಾಗಿ ಸರ್ಚಿಗೆ ಎರಡೂ ಕ್ಯಾರೆಕ್ಟರ್ ತೆಗೆದ ಬೇರೆ ಕಾಲಮ್ ಇಟ್ಟೆ, ಪ್ರಿಂಟಿಗೆ ಹೋಗೋ ಕಾಲಮನ್ನು ಮುಟ್ಟೋದಿಲ್ಲ. "ಸರ್ಚ್ ಕೆಡ್ತದೆ" ಅಂದವರಿಗೆ ಇದೇ ತೋರಿಸಿದ್ದು.

ಯಾವ ರಕಾರಕ್ಕೆ ಅರ್ಕಾವತ್ತು, ಯಾವುದಕ್ಕೆ ಪೂರ್ತಿ ರ ಅಂತ ಪ್ರೋಗ್ರಾಮಿಗೆ ತಾನಾಗಿ ಗೊತ್ತಾಗೋದಿಲ್ಲ, "ಸೂರ್ಯ"ಕ್ಕೆ ಅರ್ಕಾವತ್ತೇ ಬೇಕು. ಅದಕ್ಕೆ ನನ್ನ ಹತ್ರ ಒಂದು 60-70 ಶಬ್ದದ ಪಟ್ಟಿ ಉಂಟು, ಅದನ್ನು ಇಲ್ಲಿ ಹಾಕೋದಿಲ್ಲ, ತುಂಬಾ ಬೆವರು ಸುರಿಸಿ ಮಾಡಿದ್ದು. ಈ ಸಲದ ನೋಟೀಸಲ್ಲಿ ಪ್ರಕಾಶ್, ಸುರೇಶ್, ಫರ್ನಾಂಡಿಸ್ ಎಲ್ರದ್ದೂ ಸರಿ ಬಂತು, ಒಂದೇ ಒಂದು ಪತ್ರವೂ ವಾಪಸ್ ಬರ್ಲಿಲ್ಲ, ಸ್ಪೇಸ್ ಕೊಡಿ ಅಂದಿದ್ದ ಹಳಬರು ಮೊನ್ನೆ ಫೋನ್ ಮಾಡಿ ಆ ಫಂಕ್ಷನ್ ಕೇಳಿದ್ರು, ಕಳಿಸಿದ್ದೇನೆ.