ಈಗಲೇ ಮಾರಲಾ, ಕಾಯಲಾ? ಅಮೆರಿಕನ್ ಪುಟ್‌ಗೆ ಮರದ ಲೆಕ್ಕ

ಒಂದು ಷೇರಿನ ಬೆಲೆ ಈಗ 100. ನಿಮ್ಮ ಬಳಿ ಆ ಷೇರೂ ಇದೆ, ಅದರ ಮೇಲಿನ ಪುಟ್ ಆಪ್ಷನ್ನೂ ಇದೆ. ಸ್ಟ್ರೈಕ್ ಬೆಲೆ 100, ಅವಧಿ 9 ತಿಂಗಳು. ಅಂದರೆ ಷೇರು ಎಷ್ಟೇ ಬಿದ್ದರೂ ಅದನ್ನು 100ಕ್ಕೆ ಮಾರುವ ಹಕ್ಕು ನಿಮಗಿದೆ. ಯುರೋಪಿಯನ್ ಪುಟ್ ಆದರೆ ಈ ಹಕ್ಕನ್ನು ಕೊನೆಯ ದಿನ ಮಾತ್ರ ಚಲಾಯಿಸಬಹುದು. ಅಮೆರಿಕನ್ ಪುಟ್ ಆದರೆ ಅಲ್ಲಿಯವರೆಗೆ ಯಾವ ದಿನ ಬೇಕಾದರೂ ಚಲಾಯಿಸಬಹುದು. (ಈ ಹೆಸರುಗಳಿಗೂ ಭೂಪಟಕ್ಕೂ ಸಂಬಂಧ ಇಲ್ಲ.)

ತೊಂದರೆ ಇರುವುದೇ ಆ ‘ಯಾವ ದಿನ ಬೇಕಾದರೂ’ ಎಂಬಲ್ಲಿ. ಯುರೋಪಿಯನ್ ಪುಟ್‌ಗೆ ಬ್ಲ್ಯಾಕ್-ಶೋಲ್ಸ್ ಸೂತ್ರ ಇದೆ, ಸಂಖ್ಯೆ ಹಾಕಿದರೆ ಬೆಲೆ ಬರುತ್ತದೆ. ಅಮೆರಿಕನ್ ಪುಟ್‌ಗೆ ಅಂಥ ಸಿದ್ಧ ಸೂತ್ರ ಇಲ್ಲ. ಅದಕ್ಕೇ 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಎಂಬ ಮೂವರು ಕೊಟ್ಟ ಕವಲು ಮರ ಇವತ್ತಿಗೂ ಬಳಕೆಯಲ್ಲಿದೆ. ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಇದ್ದರೆ ಮೂರು ಹಂತದ ಮರವನ್ನು ಕೈಯಲ್ಲೇ ಮಾಡಬಹುದು. ಮಾಡೋಣ.

ಮೊದಲು ಮರ ಬರೆಯಿರಿ

9 ತಿಂಗಳನ್ನು ಮೂರು ತಿಂಗಳ ಮೂರು ಹಂತ ಮಾಡಿ. ಪ್ರತಿ ಹಂತದಲ್ಲೂ ಬೆಲೆಗೆ ಎರಡೇ ದಾರಿ: 1.1ರಿಂದ ಗುಣಿಸಿಕೊಂಡು ಮೇಲೆ ಹೋಗುತ್ತದೆ, ಇಲ್ಲವೇ 1.1ರಿಂದ ಭಾಗಿಸಿಕೊಂಡು ಕೆಳಗೆ ಬರುತ್ತದೆ. ಈ 1.1 ಸುಮ್ನೆ ಇಟ್ಟ ಸಂಖ್ಯೆಯಲ್ಲ. ಷೇರಿನ ವೊಲಟಿಲಿಟಿ, ಅಂದರೆ ಬೆಲೆಯ ಏರಿಳಿತದ ಪ್ರಮಾಣ, ವರ್ಷಕ್ಕೆ ಸುಮಾರು 19% ಇದ್ದರೆ ಮೂರು ತಿಂಗಳಿಗೆ ಇಷ್ಟೇ ಬರುತ್ತದೆ. ಸೂತ್ರ ಹೀಗೆ, ಇದರಲ್ಲಿ u ಮೇಲಿನ ಗುಣಕ, d ಕೆಳಗಿನದು, sigma ಎಂದರೆ ವೊಲಟಿಲಿಟಿ, dt ಎಂದರೆ ವರ್ಷದಲ್ಲಿ ಅಳೆದ ಒಂದು ಹಂತದ ಅವಧಿ:

```
u = exp(sigma * sqrt(dt))
d = 1 / u
```

ಮೇಲೆ ಹೋಗಿ ಕೆಳಗೆ ಬಂದರೂ ಕೆಳಗೆ ಹೋಗಿ ಮೇಲೆ ಬಂದರೂ ಬೆಲೆ ಅದೇ ಜಾಗಕ್ಕೆ ಸೇರುತ್ತದೆ. ಹಾಗಾಗಿ ಮರ ಬೇಕಾಬಿಟ್ಟಿ ಹರಡುವುದಿಲ್ಲ. ಮೂರನೇ ಹಂತಕ್ಕೆ ಎಂಟು ಗಂಟುಗಳ ಬದಲು ನಾಲ್ಕೇ ಸಾಕು.

```
                           133.10
                 121.00
       110.00              110.00
100.00           100.00
        90.91               90.91
                  82.64
                            75.13
```

ಇನ್ನು ಬಡ್ಡಿ. ಮೂರು ತಿಂಗಳಿಗೆ 2% ಎಂದಿಟ್ಟುಕೊಳ್ಳಿ, ಇವತ್ತಿನ 100 ಆಗ 102. ಷೇರಿಗೆ ಡಿವಿಡೆಂಡ್ ಇಲ್ಲ. ಮೇಲಿನ ಕವಲಿನ ತೂಕ ಹೀಗೆ ಸಿಗುತ್ತದೆ:

```
p = (1.02 - d) / (u - d) = 0.581
1 - p = 0.419
```

ಷೇರು ಏರುವ ಸಾಧ್ಯತೆ ನಿಜಕ್ಕೂ 58% ಎಂದು ಇದರ ಅರ್ಥ ಅಲ್ಲ. ಷೇರಿನ ಸರಾಸರಿ ಏರಿಕೆ ಬಡ್ಡಿಯಷ್ಟೇ ಇರಬೇಕಾದರೆ ಎರಡು ಕವಲಿಗೆ ಕೊಡಬೇಕಾದ ತೂಕ ಇದು, ಅಷ್ಟೇ. ಷೇರು ಮತ್ತು ಸಾಲ ಸೇರಿಸಿ ಆಪ್ಷನ್ನಿನ ನಕಲನ್ನೇ ಕಟ್ಟಬಹುದು, ಆ ನಕಲಿನ ಖರ್ಚು ಈ ತೂಕದಿಂದ ಬರುತ್ತದೆ. ಷೇರು ಏರುತ್ತದೆಂದು ನೀವು ನಂಬಿದರೂ ಬಿಟ್ಟರೂ ಲೆಕ್ಕ ಬದಲಾಗುವುದಿಲ್ಲ.

ಕೊನೆಯಿಂದ ಹಿಂದಕ್ಕೆ ಬನ್ನಿ

ಕೊನೆಯ ಸಾಲಿನಲ್ಲಿ ಯೋಚಿಸುವುದೇನೂ ಇಲ್ಲ. 100ರಿಂದ ಷೇರಿನ ಬೆಲೆ ಕಳೆಯಿರಿ, ಋಣ ಬಂದರೆ ಸೊನ್ನೆ ಬರೆಯಿರಿ. ಮೇಲಿನಿಂದ ಕೆಳಕ್ಕೆ 0, 0, 9.09, 24.87.

ಒಂದು ಹಂತ ಹಿಂದೆ ಬಂದು 82.64ರ ಗಂಟಿನಲ್ಲಿ ನಿಲ್ಲಿ. ಕಾದರೆ ಮುಂದೆ 9.09 ಅಥವಾ 24.87. ತೂಕ ಹಾಕಿ ಕೂಡಿಸಿ, 1.02ರಿಂದ ಭಾಗಿಸಿದರೆ 15.39. ಈಗಲೇ ಮಾರಿದರೆ 100 ಕಳೆ 82.64, ಅಂದರೆ 17.36. ಈಗಲೇ ಮಾರುವುದೇ ಜಾಸ್ತಿ. ಗಂಟಿನ ಮೇಲೆ 17.36 ಬರೆದು ಸುತ್ತ ಒಂದು ವೃತ್ತ ಹಾಕಿ. ‘ಇಲ್ಲಿ ಹಕ್ಕು ಚಲಾಯಿಸಿದ್ದೇವೆ’ ಎಂಬ ಗುರುತು ಅದು.

ಎರಡರ ವ್ಯತ್ಯಾಸ 1.96 ಎಲ್ಲಿಂದ ಬಂತು ನೋಡಿ. ಈ ಗಂಟಿನಿಂದ ಮೇಲೆ ಹೋದರೂ ಕೆಳಗೆ ಹೋದರೂ ಕೊನೆಗೆ ನೀವು 100ಕ್ಕೆ ಮಾರಿಯೇ ಮಾರುತ್ತೀರಿ. ಹಾಗಿದ್ದ ಮೇಲೆ ಕಾದು ಸಿಗುವುದೇನು? ಮೂರು ತಿಂಗಳು ತಡವಾಗಿ ಬರುವ ಅದೇ 100. ತಡವಾಗಿ ಬರುವ 100ಕ್ಕೆ ಇವತ್ತಿನ ಬೆಲೆ 98.04. ಕಳೆದುಕೊಂಡ 1.96 ಬರೀ ಬಡ್ಡಿ. ಬಡ್ಡಿ ಸೊನ್ನೆಯಾಗಿದ್ದರೆ ಡಿವಿಡೆಂಡ್ ಇಲ್ಲದ ಪುಟ್ ಅನ್ನು ಅವಧಿಗೆ ಮುಂಚೆ ಚಲಾಯಿಸಿ ಗಳಿಸುವುದು ಏನೂ ಇಲ್ಲ.

ಅದೇ ಸಾಲಿನ 100ರ ಗಂಟಿನಲ್ಲಿ ಕಾದರೆ 3.73, ಈಗ ಮಾರಿದರೆ ಸೊನ್ನೆ. ಕಾಯುವುದೇ ಸರಿ. 121ರಲ್ಲಿ ಎರಡೂ ಸೊನ್ನೆ.

ಎಡವುವುದು ಇಲ್ಲಿ: 90.91ರ ಗಂಟು

ಈಗ ಮೊದಲ ಹಂತದ ಕೆಳಗಿನ ಗಂಟು. ಈಗಲೇ ಮಾರಿದರೆ 9.09. ಕಾದರೆ?

ನಾನು ಮೊದಲ ಸಲ ಎಕ್ಸೆಲ್‌ನಲ್ಲಿ ಈ ಮರ ಮಾಡಿದಾಗ ಯುರೋಪಿಯನ್ ಪುಟ್‌ನ ಮರ ಆಗಲೇ ಸಿದ್ಧವಿತ್ತು. ಅದರ ಪ್ರತಿ ಗಂಟಿನ ಬೆಲೆಯನ್ನು ‘ಈಗ ಮಾರಿದರೆ’ ಎಂಬ ಮೊತ್ತದ ಜೊತೆ ಹೋಲಿಸಿ ದೊಡ್ಡದನ್ನು ತೆಗೆದುಕೊಂಡರೆ ಆಯ್ತಲ್ವಾ ಅಂದುಕೊಂಡೆ. ಯುರೋಪಿಯನ್ ಮರದಲ್ಲಿ ಈ ಗಂಟಿನ ಬೆಲೆ 8.45. ಅದು 9.09ಕ್ಕಿಂತ ಕಡಿಮೆ. ಮಾರಿಬಿಡು ಎಂದಿತು ನನ್ನ ಎಕ್ಸೆಲ್. ತಪ್ಪು.

ಆ 8.45ರ ಒಳಗೆ ಏನಿದೆ ನೋಡಿ. ಮುಂದೆ ಬೆಲೆ 82.64ಕ್ಕೆ ಬಿದ್ದರೂ ಕೊನೆಯ ದಿನದವರೆಗೆ ಕೈಕಟ್ಟಿ ಕೂರುತ್ತೇನೆ ಎಂಬ ಊಹೆ ಇದೆ. ಅಲ್ಲಿ 15.39 ಎಂದೇ ಲೆಕ್ಕ ಹಿಡಿದಿದೆ. ಆದರೆ ಅಲ್ಲಿಗೆ ತಲುಪಿದರೆ ನೀವು ಚಲಾಯಿಸಿ 17.36 ತೆಗೆದುಕೊಳ್ಳುತ್ತೀರಿ ಎಂದು ಈಗಷ್ಟೇ ವೃತ್ತ ಹಾಕಿ ಬಂದಿದ್ದೇವೆ. ಕಾಯುವ ಬೆಲೆಯೊಳಗೆ ನಾಳೆ ಚಲಾಯಿಸುವ ಹಕ್ಕೂ ಸೇರಬೇಕು. ಸರಿಯಾದ ಲೆಕ್ಕ:

```
(0.581 * 3.73 + 0.419 * 17.36) / 1.02 = 9.26
```

9.26 ದೊಡ್ಡದು, 9.09 ಚಿಕ್ಕದು. ಇಲ್ಲಿ ಕಾಯಬೇಕು.

ನಂಬಿಕೆ ಬರದಿದ್ದರೆ ಷೇರನ್ನೂ ಸೇರಿಸಿ ನೋಡಿ. ಈಗ 100ಕ್ಕೆ ಮಾರಿ ಬಡ್ಡಿಗೆ ಹಾಕಿದರೆ ಮೂರು ತಿಂಗಳಲ್ಲಿ 102, ಅದರಲ್ಲಿ ಅನುಮಾನವೇ ಇಲ್ಲ. ಕಾದರೆ ಎರಡರಲ್ಲಿ ಒಂದು. ಬೆಲೆ 100ಕ್ಕೆ ಏರಿದರೆ ಕೈಯಲ್ಲಿ 100ರ ಷೇರು ಮತ್ತು 3.73ರ ಪುಟ್, ಒಟ್ಟು 103.73. ಬಿದ್ದರೆ ಆಗ ಮಾರಿ 100. ತೂಕ ಹಾಕಿದರೆ 102.17. ಸಣ್ಣ ಅಂತರ, ಆದರೆ ಕಾಯುವ ಕಡೆಗೇ ಇದೆ. ಬಿದ್ದಾಗ ಕಳೆದುಕೊಳ್ಳುವುದು ಬಡ್ಡಿಯ 2 ಮಾತ್ರ, ಏಕೆಂದರೆ ಆಗಲೂ ಮಾರುವ ಹಕ್ಕು ಕೈಯಲ್ಲೇ ಇರುತ್ತದೆ.

110ರ ಗಂಟಿನಲ್ಲಿ ಕಾಯುವ ಬೆಲೆ 1.53. ಅಲ್ಲಿಂದ ಬುಡಕ್ಕೆ ಬಂದರೆ:

```
(0.581 * 1.53 + 0.419 * 9.26) / 1.02 = 4.68
```

ಬುಡದಲ್ಲಿ ಈಗಲೇ ಮಾರಿದರೆ ಸೊನ್ನೆ, ಹಾಗಾಗಿ ಉತ್ತರ 4.68. ಯುರೋಪಿಯನ್ ಪುಟ್‌ನ ಬೆಲೆ ಇದೇ ಮರದಲ್ಲಿ 4.35. 90.91ರ ಗಂಟಿಗೆ 9.09 ಹಾಕಿ ಬುಡಕ್ಕೆ ಬಂದ ನನ್ನ ತಪ್ಪು ಎಕ್ಸೆಲ್ ಕೊಟ್ಟದ್ದು 4.61. ಇಂಥ ತಪ್ಪು ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ಉತ್ತರ ಯುರೋಪಿಯನ್ ಬೆಲೆಗಿಂತ ಜಾಸ್ತಿಯೇ ಇದ್ದು ಸರಿಯಾದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಒಂದೇ ದಾರಿ: ಪ್ರತಿ ಗಂಟಿನಲ್ಲಿ ದೊಡ್ಡದನ್ನು ಆರಿಸಿ ಬರೆದ ಮೇಲೆಯೇ ಒಂದು ಹೆಜ್ಜೆ ಹಿಂದೆ ಬರಬೇಕು.

ಹಂತ ಹೆಚ್ಚಾದಾಗ

ಮೂರು ಹಂತ ಕೈ ಪಳಗಲು ಸಾಕು, ಬೆಲೆ ಕಟ್ಟಲು ಸಾಲದು. ನೂರಾರು ಹಂತ ಬೇಕಾದರೆ ಪೈಥಾನ್‌ನಲ್ಲಿ ಹೀಗೆ, ಇದರಲ್ಲಿ S ಷೇರಿನ ಬೆಲೆ, K ಸ್ಟ್ರೈಕ್ ಬೆಲೆ, r ವರ್ಷದ ಬಡ್ಡಿ, T ವರ್ಷದಲ್ಲಿ ಅಳೆದ ಅವಧಿ, N ಹಂತಗಳ ಸಂಖ್ಯೆ:

```python
from math import exp, sqrt, log

def american_put(S, K, r, sigma, T, N):
    dt = T / N
    u = exp(sigma * sqrt(dt))
    R = exp(r * dt)
    p = (R - 1/u) / (u - 1/u)
    V = [max(K - S * u**(2*j - N), 0) for j in range(N + 1)]
    for i in range(N - 1, -1, -1):
        for j in range(i + 1):
            hold = (p * V[j+1] + (1 - p) * V[j]) / R
            V[j] = max(hold, K - S * u**(2*j - i))
    return V[0]

print(american_put(100, 100, 4*log(1.02), 2*log(1.1), 0.75, 3))
```

ಕೊನೆಯ ಸಾಲು ನಮ್ಮ ಕೈಲೆಕ್ಕವೇ. 4.677 ಬರದಿದ್ದರೆ ಮುಂದೆ ಹೋಗಬೇಡಿ. ಎರಡು ಜಾಗದಲ್ಲಿ ಎಚ್ಚರ ಬೇಕು. `max` ಇರುವ ಸಾಲಿನಲ್ಲಿ `2*j - i` ಬದಲು `2*j - N` ಎಂದು ಬರೆದರೆ ಕೊನೆಯ ದಿನದ ಷೇರು ಬೆಲೆಯನ್ನು ಮಧ್ಯದ ಗಂಟಿಗೆ ಹಾಕಿದಂತೆ. ಇನ್ನೊಂದು, `j` ಕೆಳಗಿನಿಂದ ಮೇಲಕ್ಕೇ ಓಡಬೇಕು. ತಿರುಗಿಸಿದರೆ ಹೊಸ ಬೆಲೆ ಹಳೆಯದರ ಮೇಲೆ ಕೂತುಬಿಟ್ಟಿರುತ್ತದೆ, ಮುಂದಿನ ಗಂಟು ಅದನ್ನೇ ಎತ್ತಿಕೊಳ್ಳುತ್ತದೆ.

`p` 0 ಮತ್ತು 1ರ ನಡುವೆ ಇದೆಯಾ ಎಂದೂ ನೋಡಿ. ವೊಲಟಿಲಿಟಿ 5%, ಬಡ್ಡಿ 8%, ಹಂತ ಒಂದು ವರ್ಷ ಎಂದಿಟ್ಟರೆ `p` 1.32 ಬರುತ್ತದೆ. ಮೇಲಿನ ಕವಲೂ ಬಡ್ಡಿಗಿಂತ ಕಡಿಮೆ ಏರುತ್ತದೆ ಎಂದರ್ಥ. ಹಂತವನ್ನು ಮೂರು ತಿಂಗಳಿಗೆ ಇಳಿಸಿದರೆ 0.90ಕ್ಕೆ ಬಂದು ಸರಿಹೋಗುತ್ತದೆ.

ಹಂತ ಹೆಚ್ಚಿಸುತ್ತಾ ಹೋದರೆ ಉತ್ತರ ನೇರವಾಗಿ ಗುರಿಯತ್ತ ಹೋಗುವುದಿಲ್ಲ, ತೂಗಾಡುತ್ತದೆ. S ಮತ್ತು K ಎರಡೂ 50, ಬಡ್ಡಿ 10%, ವೊಲಟಿಲಿಟಿ 40%, ಅವಧಿ 5 ತಿಂಗಳು ಎಂದು ಹಾಕಿ ನೋಡಿ. 5 ಹಂತಕ್ಕೆ 4.49, 30ಕ್ಕೆ 4.26, 500ಕ್ಕೆ 4.28. ಮೊದಲು ಮೇಲಿಂದ ತಪ್ಪಿತು, ಆಮೇಲೆ ಕೆಳಗಿಂದ. ಬೆಸ ಹಂತ ಒಂದು ಕಡೆ ವಾಲುತ್ತದೆ, ಸಮ ಹಂತ ಇನ್ನೊಂದು ಕಡೆ. N ಮತ್ತು N+1 ಎರಡನ್ನೂ ಮಾಡಿ ಸರಾಸರಿ ತೆಗೆದರೆ ತೂಗಾಟ ಬಹುಪಾಲು ಅಡಗುತ್ತದೆ.

ದೊಡ್ಡ ಮರದಲ್ಲೂ ವೃತ್ತ ಹಾಕುವುದನ್ನು ಬಿಡಬೇಡಿ, ಅಂದರೆ ಯಾವ ಗಂಟಿನಲ್ಲಿ ಚಲಾಯಿಸಿದಿರಿ ಎಂದು ಎಲ್ಲಾದರೂ ಬರೆದಿಡಿ. ಒಂದೇ ಕಾಲದ ಗಂಟುಗಳನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಹೋದರೆ ಒಂದು ಬೆಲೆಯ ತನಕ ವೃತ್ತವೇ ಇರಬಾರದು, ಅದರ ಕೆಳಗೆ ಎಲ್ಲದಕ್ಕೂ ಇರಬೇಕು. ಆ ಗಡಿ ಅವಧಿ ಮುಗಿಯುವ ಹೊತ್ತಿಗೆ ಸ್ಟ್ರೈಕ್ ಬೆಲೆಯತ್ತ ಏರುತ್ತದೆ. ವೃತ್ತವಿರುವ ಗಂಟಿನ ಕೆಳಗೆ ವೃತ್ತವಿಲ್ಲದ ಗಂಟು ಕಂಡರೆ ಬೇರೇನೂ ಹುಡುಕಬೇಡಿ, ಕೋಡ್‌ನಲ್ಲಿ ತಪ್ಪಿದೆ.