ಕೈಯಲ್ಲಿಲ್ಲದ ಷೇರನ್ನು ಮಾರುವುದು ಹೇಗೆ?

ಚಾಲಿ ಅಡಿಕೆಗೆ ಕಿಲೋಗೆ 400 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಈ ದರ ಇಳಿದೇ ಇಳಿಯುತ್ತದೆ ಎಂದು ನಿಮ್ಮ ಲೆಕ್ಕಾಚಾರ, ಆದರೆ ಮನೆಯ ಅಟ್ಟದಲ್ಲಿ ಅಡಿಕೆಯಿಲ್ಲ. ಬದಿಯಡ್ಕದ ನೆರೆಮನೆಗೆ ಹೋಗುತ್ತೀರಿ. "ಭಟ್ಟರೇ, ಒಂದು ಕ್ವಿಂಟಲ್ ಸಾಲ ಕೊಡಿ. ಅಷ್ಟೇ ತೂಕದ ಚಾಲಿಯನ್ನು ಹಿಂದಿರುಗಿಸುತ್ತೇನೆ, ಮೇಲೊಂದಿಷ್ಟು ಬಾಡಿಗೆಯನ್ನೂ ಕೊಡುತ್ತೇನೆ." ತಂದದ್ದನ್ನು ಅಂದೇ ಪೇಟೆಯಲ್ಲಿ ಮಾರಿದರೆ ಕೈಗೆ 40,000 ರೂಪಾಯಿ. ದರ 300ಕ್ಕೆ ಇಳಿದಾಗ 30,000ಕ್ಕೆ ಒಂದು ಕ್ವಿಂಟಲ್ ಕೊಂಡು ಭಟ್ಟರಿಗೆ ಅಳೆದು ಕೊಡುತ್ತೀರಿ. ಬಾಡಿಗೆ ಕಳೆದು ಉಳಿದದ್ದು ನಿಮ್ಮದು.

ಶಾರ್ಟ್ ಸೆಲ್ಲಿಂಗ್ ಎಂದರೆ ಇದೇ. ಗಮನಿಸಬೇಕಾದದ್ದು ಒಂದೇ: ನಿಮ್ಮ ಸಾಲ ಇರುವುದು ಅಡಿಕೆಯಲ್ಲಿ, ರೂಪಾಯಿಯಲ್ಲಿ ಅಲ್ಲ. ದರ ಸೊನ್ನೆಗೇ ಬಿದ್ದರೂ ಲಾಭ 40,000 ದಾಟದು. 1,200ಕ್ಕೆ ಏರಿದರೆ 80,000 ನಷ್ಟ. 2,000 ಆದರೆ 1,60,000. ಏರಿಕೆಗೆ ಮಿತಿಯಿಲ್ಲದ ಕಾರಣ ನಷ್ಟಕ್ಕೂ ಮಿತಿಯಿಲ್ಲ. ಷೇರು ಕೊಂಡವನಿಗೆ ಹಾಕಿದ ಹಣವಷ್ಟೇ ಹೋಗುತ್ತದೆ.

ದಲ್ಲಾಳಿ ಇದಕ್ಕಾಗಿಯೇ ಮಾರ್ಜಿನ್ ಹಣವನ್ನು ಮೊದಲೇ ಇಡಿಸಿಕೊಳ್ಳುತ್ತಾನೆ. ದರ ಏರಿದಂತೆ ಇನ್ನಷ್ಟು ಕೇಳುತ್ತಾನೆ. ಕೊಡದಿದ್ದರೆ ತಾನೇ ಷೇರು ಕೊಂಡು ಲೆಕ್ಕ ಮುಗಿಸುತ್ತಾನೆ. ಹೀಗೆ ಕೊಳ್ಳುವುದೂ ಕೊಳ್ಳುವಿಕೆಯೇ ಅಲ್ಲವೇ? ದರ ಮತ್ತೂ ಏರುತ್ತದೆ, ಸಾಲಗಾರರಲ್ಲಿ ಇನ್ನೊಬ್ಬನ ಮಾರ್ಜಿನ್ ಕರಗುತ್ತದೆ, ಅವನೂ ಕೊಳ್ಳಲೇಬೇಕಾಗುತ್ತದೆ. ಇದನ್ನೇ ಶಾರ್ಟ್ ಸ್ಕ್ವೀಜ್ ಎನ್ನುವುದು.

2008ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಷೇರಿಗೆ ಆದದ್ದನ್ನು ನೋಡಿ. ಅದರ ದರ ಬೀಳುತ್ತದೆಂದು ನಂಬಿದವರು ಕಂಪನಿಯ ನೂರರಲ್ಲಿ ಹನ್ನೆರಡರಷ್ಟು ಷೇರುಗಳನ್ನು ಸಾಲ ತಂದು ಮಾರಿದ್ದರು. ಅಕ್ಟೋಬರ್ 26ರ ಭಾನುವಾರ ಪೋರ್ಷೆ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಶೇ 42.6ರಷ್ಟು ಷೇರು ತನ್ನಲ್ಲಿದೆ, ಇನ್ನೂ ಶೇ 31.5ರಷ್ಟಕ್ಕೆ ಆಪ್ಷನ್ ಒಪ್ಪಂದವಿದೆ. ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದ ಬಳಿ ಶೇ 20ರಷ್ಟಿತ್ತು. ಇವೆಲ್ಲ ಕಳೆದರೆ ಪೇಟೆಯಲ್ಲಿ ಸಿಗುವುದು ಶೇ 6ಕ್ಕಿಂತ ಕಡಿಮೆ, ಹಿಂದಿರುಗಿಸಬೇಕಾದದ್ದು ಅದರ ಎರಡು ಪಾಲು! ಶುಕ್ರವಾರ ಸುಮಾರು 210 ಯೂರೊ ಇದ್ದ ಷೇರು ಮಂಗಳವಾರ 1,000 ಯೂರೊ ದಾಟಿತು. ಕಂಪನಿಯ ವ್ಯಾಪಾರದಲ್ಲಿ ಆ ನಾಲ್ಕು ದಿನ ಏನೂ ಬದಲಾಗಿರಲಿಲ್ಲ.

ನಮ್ಮಲ್ಲಿ ಷೇರು ಸಾಲಕ್ಕೆ ಎಸ್‌ಎಲ್‌ಬಿ ಎಂಬ ವ್ಯವಸ್ಥೆಯಿದೆ. ಸಣ್ಣ ಹೂಡಿಕೆದಾರರು ಹೆಚ್ಚಾಗಿ ಸಾಲ ತರದೆಯೇ ಬೆಳಿಗ್ಗೆ ಮಾರಿ, ಪೇಟೆ ಮುಚ್ಚುವ ಮೂರೂವರೆಯೊಳಗೆ ಕೊಂಡುಬಿಡುತ್ತಾರೆ. ಅಷ್ಟಕ್ಕೆ ಅಪಾಯ ತಪ್ಪಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಷೇರು ಮೇಲಿನ ಸರ್ಕ್ಯೂಟ್, ಅಂದರೆ ಒಂದು ದಿನದ ಏರಿಕೆಗಿರುವ ಮಿತಿ, ಮುಟ್ಟಿದರೆ ಮಾರುವವರೇ ಇರುವುದಿಲ್ಲ. ಆಗ ವಿನಿಮಯ ಕೇಂದ್ರವು ಹರಾಜಿನಲ್ಲಿ ಷೇರು ಕೊಂಡು, ನಿಮ್ಮಿಂದ ಕೊಂಡವನಿಗೆ ಕೊಡುತ್ತದೆ. ಆ ದರ ನಿಮ್ಮ ತಲೆಗೆ.

ಆದ್ದರಿಂದ ಮಾರುವ ಮೊದಲು ಒಂದು ಭಾಗಾಕಾರ ಮಾಡಿ. ಸಾಲ ತಂದು ಮಾರಿರುವ ಒಟ್ಟು ಷೇರುಗಳನ್ನು ದಿನದ ಸರಾಸರಿ ವಹಿವಾಟಿನಿಂದ ಭಾಗಿಸಿದರೆ, ಎಲ್ಲರೂ ಹಿಂದಕ್ಕೆ ಕೊಳ್ಳಲು ಎಷ್ಟು ದಿನ ಬೇಕೆಂದು ತಿಳಿಯುತ್ತದೆ. ಆ ದಿನಗಳು ಹೆಚ್ಚಿದ್ದಷ್ಟೂ ಹೊರಬರುವ ಬಾಗಿಲು ಕಿರಿದು. ದರ ಇಷ್ಟಕ್ಕೆ ಏರಿದರೆ ತಾನಾಗಿ ಕೊಂಡುಬಿಡುವ ಸ್ಟಾಪ್‌ಲಾಸ್ ಆದೇಶ ಹಾಕಿ, ಆದರೆ ಅದನ್ನೇ ನಂಬಿ ಮಲಗಬೇಡಿ: ಫೋಕ್ಸ್‌ವ್ಯಾಗನ್‌ಗೆ 230 ಯೂರೊದಲ್ಲಿ ಸ್ಟಾಪ್‌ಲಾಸ್ ಇಟ್ಟಿದ್ದವನಿಗೆ ಸೋಮವಾರ ಬೆಳಿಗ್ಗೆ ಆ ದರದಲ್ಲಿ ಒಂದೂ ಷೇರು ಸಿಗುತ್ತಿರಲಿಲ್ಲ.