ಡೈರೆಕ್ಟರ್ ಸಂಬಂಧಿ ನಿಮ್ಮ ಟೀಮಿನಲ್ಲಿದ್ದರೆ

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರಿಗೆ ಒಂದು ಮಾತು. ನನ್ನ ಟೀಮಿಗೆ ಡೈರೆಕ್ಟರ್ ಅಕ್ಕನ ಮಗ ಬಂದಿದ್ದ. ಟೆಸ್ಟ್ ರಿಪೋರ್ಟ್ ಕೊಡು ಅಂದರೆ 'ಆಯ್ತು' ಅನ್ನುತ್ತಿದ್ದ, ಕೊಡುತ್ತಿರಲಿಲ್ಲ. ಎರಡು ಸಲ ನಾನೇ ರಾತ್ರಿ ಕೂತು ಮಾಡಿದೆ. ಅದು ತಪ್ಪು. ಅವನು ಬಿಟ್ಟ ಕೆಲಸ ಯಾರಿಗೂ ಕಾಣಲೇ ಇಲ್ಲ.

ಆಮೇಲೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಅವತ್ತೇ ಮೇಲ್ ಮಾಡತೊಡಗಿದೆ: ಯಾವ ಕೆಲಸ, ಯಾವಾಗ ಬೇಕು, ಅದಕ್ಕಾಗಿ ಯಾರು ಕಾಯುತ್ತಿದ್ದಾರೆ. ಮೂರೇ ಸಾಲು. ಎಲ್ಲರಿಗೂ ಇದೇ ರೀತಿ ಕಳಿಸಿ, ಅವನೊಬ್ಬನಿಗೇ ಬೇಡ.

ಮತ್ತೆ ತಪ್ಪಿದಾಗ ಒಬ್ಬನನ್ನೇ ಕೂರಿಸಿಕೊಂಡು, 'ಬೇರೆ ಯಾರಾದರೂ ಕೆಲಸ ಕೊಟ್ಟಿದ್ದಾರಾ?' ಎಂದು ಕೇಳಿದೆ. ಹೌದು, ಮಾವನೇ ನೇರವಾಗಿ ಪ್ರೆಸೆಂಟೇಷನ್ ಮಾಡಿಸುತ್ತಿದ್ದರು! ಹುಡುಗ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ, ಪಾಪ.

ಆದರೂ ಮಾವನ ಹತ್ತಿರ ಹೋಗಬೇಡಿ. ನಾನು ನನ್ನ ಮ್ಯಾನೇಜರ್‌ಗೆ ತಪ್ಪಿದ ತಾರೀಖು, ಅದರಿಂದಾದ ತಡ ಇಷ್ಟನ್ನೇ ತೋರಿಸಿದೆ. ಸಂಬಂಧದ ಮಾತೇ ಎತ್ತಲಿಲ್ಲ. ಡೈರೆಕ್ಟರ್ ಕೊಡುವ ಕೆಲಸವೂ ನನ್ನ ಮೂಲಕವೇ ಬರಲಿ ಎಂದು ಮ್ಯಾನೇಜರೇ ಡೈರೆಕ್ಟರ್ ಹತ್ತಿರ ಮಾತಾಡಿದರು.

ಅಪ್ರೈಸಲ್‌ನಲ್ಲಿ ರೇಟಿಂಗ್ ಬದಲಿಸಲು ಒತ್ತಡ ಬಂದರೆ ಮಾತ್ರ, ಆ ಮೇಲ್‌ಗಳ ಸಮೇತ ಎಚ್‌ಆರ್‌ಗೆ ಬರೆದು ತಿಳಿಸಿ.